ಕಿವಿಯಿಂದ ಓದುವವರಿಗೆ ನಮ್ಮ ಪರಿಚಯ

ಅಪರಿಚಿತರಿಬ್ಬರು ಸಂಧಿಸಿದಾಗ 'ತಮ್ಮ ಊರು ಯಾವುದು, ಯಾರ ಪೈಕಿ' ಎಂದು ವಿಚಾರಿಸುವುದು ನಮ್ಮ ಹಿರಿಯರ ರೂಢಿ. ಈಗ ಆ ಪ್ರಶ್ನೆಗೆ ಎಡೆಯೇ ಇಲ್ಲ. ಕೇಳುವುದಕ್ಕೆ ಮೊದಲೇ ನಾವು ಉತ್ತರವನ್ನು ಬರೆದಿಟ್ಟಿರುತ್ತೇವೆ. ಇನ್‌ಸ್ಟಾಗ್ರಾಮಿನಲ್ಲಾಗಲಿ, ವಾಟ್ಸಾಪಿನಲ್ಲಾಗಲಿ, ಕಾಲೇಜಿನ ಜಾಲತಾಣದಲ್ಲಾಗಲಿ ನಮ್ಮ ಹೆಸರು, ಒಂದು ಭಾವಚಿತ್ರ, ಎರಡು ಸಾಲಿನ ಮಾತು ಇರುತ್ತವೆ. ಇದಕ್ಕೆ ಪ್ರೊಫೈಲ್ ಎಂದು ಹೆಸರು. ಇನ್‌ಸ್ಟಾಗ್ರಾಮಿನಲ್ಲಿ ಈ ಮಾತಿಗೆ ದೊರೆಯುವ ಸ್ಥಳ ೧೫೦ ಅಕ್ಷರಚಿಹ್ನೆಗಳಷ್ಟೆ. ಇಷ್ಟು ಕಿರಿದಾದ ಜಾಗದಲ್ಲಿ ಎದ್ದು ಕಾಣಬೇಕೆಂಬ ಆಸೆಯಿಂದ ನಮ್ಮ ವಿದ್ಯಾರ್ಥಿಮಿತ್ರರು ಅಕ್ಷರಗಳನ್ನು ಬಳ್ಳಿಯಂತೆ ಬಳುಕಿಸುತ್ತಾರೆ, ಹೂವು ನಕ್ಷತ್ರಗಳನ್ನು ಚೆಲ್ಲುತ್ತಾರೆ. ಇದನ್ನು ಕಣ್ಣಿನಿಂದ ಓದುವವರಿಗೆ ತೊಂದರೆಯಿಲ್ಲ. ಕಿವಿಯಿಂದ ಓದುವವರಿಗೆ ಅದು ಏನಾಗಿ ತಲಪುತ್ತದೆ ಎಂಬುದನ್ನು ಕುರಿತು ಕೆಲವು ಮಾತುಗಳನ್ನು ಇಲ್ಲಿ ಹೇಳಬಯಸುತ್ತೇನೆ. ಪರಿಚಯವೆಂಬುದು ಮುಖ್ಯವಾಗಿ ಹೆಸರು ಹೇಳುವ ಕೆಲಸ. ಯಾವ ಅಲಂಕಾರವು ಆ ಹೆಸರನ್ನೇ ಅಳಿಸಿಹಾಕುವುದೋ ಅದನ್ನು ನಾವು ಬಿಡಬೇಕು. ಇದೇ ನನ್ನ ಅಭಿಪ್ರಾಯ.

ಕಿವಿಯಿಂದ ಓದುವುದೆಂದರೇನು? ಕಣ್ಣು ಕಾಣದವರು, ಅಥವಾ ಮಂದದೃಷ್ಟಿಯವರು, ಗಣಕಯಂತ್ರವನ್ನೂ ದೂರವಾಣಿಯನ್ನೂ ಬಳಸುವಾಗ ಸ್ಕ್ರೀನ್ ರೀಡರ್ ಎಂಬ ತಂತ್ರಾಂಶದ ನೆರವು ಪಡೆಯುತ್ತಾರೆ. ಪರದೆಯ ಮೇಲಿರುವುದನ್ನು ಅದು ಧ್ವನಿಯಲ್ಲಿ ಓದಿ ಹೇಳುತ್ತದೆ. ಆಂಡ್ರಾಯ್ಡ್ ದೂರವಾಣಿಗಳಲ್ಲಿ ಟಾಕ್‌ಬ್ಯಾಕ್, ಐಫೋನಿನಲ್ಲಿ ವಾಯ್ಸ್‌ಓವರ್ ಎಂಬುವು ಇವೆ. ವಿಂಡೋಸ್ ಗಣಕಗಳಲ್ಲಿ ಎನ್‌ವಿಡಿಎ ಎಂಬುದು ಬಹಳ ಬಳಕೆಯಲ್ಲಿದೆ. ಇದನ್ನು ೨೦೦೬ರಲ್ಲಿ ಆಸ್ಟ್ರೇಲಿಯದ ಮೈಕೇಲ್ ಕರನ್ ಎಂಬ ಅಂಧ ತರುಣನು ಆರಂಭಿಸಿದನು. ಉಚಿತವಾಗಿ ದೊರೆಯುವುದರಿಂದ ನಮ್ಮಂಥ ಸರ್ಕಾರಿ ಕಾಲೇಜುಗಳ ವಿದ್ಯಾರ್ಥಿಗಳಿಗೆ ಅದು ದೊಡ್ಡ ಉಪಕಾರ. ಇವುಗಳಿಗೆ ಕನ್ನಡದ ಧ್ವನಿಗಳೂ ಇವೆ. ಉಚ್ಚಾರಣೆ ಕೆಲವೆಡೆ ಬಿಗುವಾಗಿದ್ದರೂ ರೂಢಿಯಾದವರು ಅದನ್ನು ನಮ್ಮ ಮಾತಿನ ಎರಡರಷ್ಟು ವೇಗದಲ್ಲಿ ಕೇಳಿ ತಿಳಿದುಕೊಳ್ಳುತ್ತಾರೆ.

ಇಲ್ಲಿ ಒಂದು ವಿಷಯವನ್ನು ಸ್ಪಷ್ಟವಾಗಿ ತಿಳಿಯಬೇಕು. ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ. ಈ ತಂತ್ರಾಂಶವು ಸಾಧಾರಣವಾಗಿ ಪರದೆಯ ಮೇಲಿನ ಅಕ್ಷರದ ಆಕಾರವನ್ನು ನೋಡುವುದಿಲ್ಲ. ಗಣಕದೊಳಗೆ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆಯಿದೆ. ಯೂನಿಕೋಡ್ ಎಂಬ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಕನ್ನಡದ 'ಕ'ಕಾರಕ್ಕೆ ಒಂದು ಸಂಖ್ಯೆ, ಇಂಗ್ಲಿಷಿನ 'ಎ' ಅಕ್ಷರಕ್ಕೆ ಮತ್ತೊಂದು ಸಂಖ್ಯೆ, ನಗುವ ಮುಖದ ಚಿತ್ರಕ್ಕೆ ಇನ್ನೊಂದು ಸಂಖ್ಯೆ. ಸ್ಕ್ರೀನ್ ರೀಡರಿಗೆ ಕಾಣುವುದು ಆ ಸಂಖ್ಯೆ ಮಾತ್ರ. ಆದುದರಿಂದ ಎರಡು ಗುರುತುಗಳು ನಮ್ಮ ಕಣ್ಣಿಗೆ ಒಂದೇ ಬಗೆಯಾಗಿ ಕಂಡರೂ ಅವುಗಳ ಸಂಖ್ಯೆ ಬೇರೆಯಾಗಿದ್ದರೆ ಅದಕ್ಕೆ ಅವು ಬೇರೆ ಬೇರೆ ವಸ್ತುಗಳೇ. ನಾವು ಆಕಾರವನ್ನು ನಂಬಿ ಬರೆಯುತ್ತೇವೆ, ಅದು ಸಂಖ್ಯೆಯನ್ನು ನಂಬಿ ಓದುತ್ತದೆ. ತೊಡಕು ಹುಟ್ಟುವುದು ಇಲ್ಲಿಯೇ.

ಒಂದು ಉದಾಹರಣೆಯನ್ನು ಹಿಡಿದು ನೋಡೋಣ. ಈ ಕೆಳಗಿನ ಪರಿಚಯ ನನ್ನ ಕಲ್ಪನೆಯದು. ಆದರೆ ಇದರ ಅಣ್ಣತಮ್ಮಂದಿರನ್ನು ಓದುಗರು ದಿನವೂ ಕಾಣುತ್ತಿರುವರೆಂಬುದರಲ್ಲಿ ನನಗೆ ಸಂದೇಹವಿಲ್ಲ.

```
✨🔥 𝓜𝓪𝓵𝓷𝓪𝓭 𝓗𝓾𝓭𝓰𝓪 🔥✨
🎓 BA 2nd yr ➖➖➖ 📚
💛❤️💛❤️💛❤️
#kannadasahityapremi
👇👇👇
```

ಮೊದಲನೆಯದಾಗಿ ಹೆಸರನ್ನು ತೆಗೆದುಕೊಳ್ಳೋಣ. 'ಮಲ್ನಾಡ್ ಹುಡ್ಗ' ಎಂಬ ಹನ್ನೊಂದು ಇಂಗ್ಲಿಷ್ ಅಕ್ಷರಗಳು ಕೈಬರಹದಂತೆ ಬಳುಕುತ್ತಿವೆ. ಇವು ಇಂಗ್ಲಿಷ್ ಅಕ್ಷರಗಳಿಗೆ ಬೇರೊಂದು ಅಂಗಿ ತೊಡಿಸಿದಂತೆ ತೋರುತ್ತವೆ. ವಾಸ್ತವವಾಗಿ ಇವು ಬೇರೆಯೇ ಚಿಹ್ನೆಗಳು. ಗಣಿತಶಾಸ್ತ್ರದಲ್ಲಿ ಒಂದೇ ಅಕ್ಷರದ ನೇರ ರೂಪಕ್ಕೆ ಒಂದು ಅರ್ಥ, ದಪ್ಪ ರೂಪಕ್ಕೆ ಮತ್ತೊಂದು ಅರ್ಥ, ಬಳುಕು ರೂಪಕ್ಕೆ ಇನ್ನೊಂದು ಅರ್ಥ ಇರುವುದುಂಟು. ಒಂದೇ ಸಮೀಕರಣದಲ್ಲಿ ಇವು ಮೂರೂ ಬರಬಹುದು. ಆ ಭೇದ ಅಳಿಸಿಹೋಗದಿರಲೆಂದು ೨೦೦೧ರಲ್ಲಿ ಯೂನಿಕೋಡಿನವರು ಗಣಿತದ ಅಕ್ಷರಗಳಿಗೆಂದೇ ಒಂದು ಪ್ರತ್ಯೇಕ ವಿಭಾಗವನ್ನು ಪಟ್ಟಿಗೆ ಸೇರಿಸಿದರು. 'ಚೆಂದದ ಅಕ್ಷರ' ಮಾಡಿಕೊಡುತ್ತೇವೆಂದು ಹೇಳುವ ಜಾಲತಾಣಗಳು ನಮ್ಮ ಹೆಸರನ್ನು ಕೇಳಿ ಪಡೆದು, ಅದರ ಒಂದೊಂದು ಅಕ್ಷರದ ಸ್ಥಾನದಲ್ಲಿಯೂ ಈ ಗಣಿತದ ಚಿಹ್ನೆಯನ್ನಿಟ್ಟು ಹಿಂದಿರುಗಿಸುತ್ತವೆ. ನಾವು ನಮ್ಮ ಹೆಸರೆಂದು ತಿಳಿದು ಅಂಟಿಸಿಕೊಳ್ಳುವುದು ಬೀಜಗಣಿತದ ಹನ್ನೊಂದು ಗುರುತುಗಳನ್ನು.

ಇದನ್ನು ಸ್ಕ್ರೀನ್ ರೀಡರುಗಳು ಒಂದೇ ರೀತಿಯಲ್ಲಿ ಓದುವುದಿಲ್ಲ. ಕೆಲವು ಇವನ್ನು ಸಾಮಾನ್ಯ ಅಕ್ಷರಗಳೆಂದೇ ಭಾವಿಸಿ ಹೆಸರನ್ನು ಸರಿಯಾಗಿ ಹೇಳಿಬಿಡುತ್ತವೆ. ಕೆಲವು ಏನನ್ನೂ ಹೇಳದೆ ಮೌನವಾಗಿ ಮುಂದಕ್ಕೆ ಹೋಗುತ್ತವೆ. ಮತ್ತೆ ಕೆಲವು ಪಟ್ಟಿಯಲ್ಲಿರುವ ಪೂರ್ಣ ನಾಮಧೇಯವನ್ನೇ ಪಠಿಸುತ್ತವೆ: 'ಮ್ಯಾಥಮೆಟಿಕಲ್ ಬೋಲ್ಡ್ ಸ್ಕ್ರಿಪ್ಟ್ ಕ್ಯಾಪಿಟಲ್ ಎಮ್, ಮ್ಯಾಥಮೆಟಿಕಲ್ ಬೋಲ್ಡ್ ಸ್ಕ್ರಿಪ್ಟ್ ಸ್ಮಾಲ್ ಎ'. ಒಂದು ಅಕ್ಷರಕ್ಕೆ ಐದು ಪದಗಳಂತೆ ಹನ್ನೊಂದು ಅಕ್ಷರಗಳಿಗೆ ಐವತ್ತೈದು ಪದಗಳಾದುವು. ಎರಡು ಪದಗಳ ಹೆಸರು ಐವತ್ತೈದು ಪದಗಳಾಗಿ, ಕೊನೆಗೂ ಹೆಸರಾಗದೆ ಉಳಿಯುತ್ತದೆ. ೨೦೨೪ರಲ್ಲಿ ಎನ್‌ವಿಡಿಎಗೆ ಇಂಥ ಚಿಹ್ನೆಗಳನ್ನು ಸಾಮಾನ್ಯ ಅಕ್ಷರಗಳಾಗಿ ಮಾರ್ಪಡಿಸಿ ಓದುವ ಒಂದು ಸೌಲಭ್ಯ ಸೇರಿತು. ಇದು ಸಂತೋಷದ ವಿಷಯವೇ. ಆದರೆ ಅದು ಬರೆದವನ ಕೈಯಲ್ಲಿರುವ ಸೌಲಭ್ಯವಲ್ಲ. ಕೇಳುವವನ ಬಳಿ ಯಾವ ತಂತ್ರಾಂಶವಿದೆ, ಅದು ಎಷ್ಟು ಹಳೆಯದು, ಅದರಲ್ಲಿ ಏನನ್ನು ಆರಿಸಿಕೊಂಡಿದ್ದಾನೆ ಎಂಬುದು ನಮಗೆ ತಿಳಿಯದು. ನಾವು ಬರೆಯುವಾಗ ಸಾಮಾನ್ಯ ಅಕ್ಷರದಲ್ಲಿ ಬರೆದುಬಿಟ್ಟರೆ ಈ ಪ್ರಶ್ನೆಗಳೇ ಏಳುವುದಿಲ್ಲ.

'ಇದರಿಂದ ಯಾರಿಗೇನು ನಷ್ಟ?' ಎಂದು ಕೇಳುವವರಿದ್ದಾರೆ. ನನ್ನ ತರಗತಿಯಲ್ಲಿ ಕಣ್ಣು ಕಾಣದ ಗೆಳೆಯನೊಬ್ಬನಿದ್ದಾನೆ. ಪ್ರತಿ ಪರೀಕ್ಷೆಗೆ ಮೊದಲು ಅವನಿಗೆ ತಾನು ಹೇಳಿದ್ದನ್ನು ಬರೆದುಕೊಡುವವರೊಬ್ಬರು ಬೇಕು. ಕೆಳಗಿನ ತರಗತಿಯ ಯಾರಾದರೂ ಒಪ್ಪುವರೇ ಎಂದು ತಿಳಿಯಲು ಅವನು ವಿದ್ಯಾರ್ಥಿಗಳ ವಾಟ್ಸಾಪ್ ಗುಂಪನ್ನೇ ಆಶ್ರಯಿಸುತ್ತಾನೆ. ಗುಂಪಿನ ಪಟ್ಟಿಯನ್ನು ಕೇಳುತ್ತ ಹೋಗುವಾಗ ಕೆಲವು ಹೆಸರುಗಳ ಬಳಿ ಅವನ ದೂರವಾಣಿ ಸುಮ್ಮನಾಗುತ್ತದೆ. 'ನಾನು ಬರುತ್ತೇನೆ, ಎಷ್ಟು ಗಂಟೆಗೆ?' ಎಂಬ ಉತ್ತರ ಬಂದಿರುತ್ತದೆ, ಆದರೆ ಹೇಳಿದವರಾರೆಂಬುದು ಕೇಳಿಸುವುದಿಲ್ಲ. 'ಗುಂಪಿನಲ್ಲಿ ಎಲ್ಲರೂ ಇದ್ದಾರೆ, ಕೆಲವರಿಗೆ ಹೆಸರಿಲ್ಲ' ಎಂದು ಅವನೊಮ್ಮೆ ನಗುತ್ತ ಹೇಳಿದನು. ಉಪಕಾರ ಮಾಡಲು ಮುಂದೆ ಬಂದವನ ಹೆಸರನ್ನು ತಿಳಿಯಲು ಮೂರನೆಯವರೊಬ್ಬರನ್ನು ಕರೆದು ಪರದೆ ತೋರಿಸಬೇಕಾಗುತ್ತದೆ. ಇನ್ನೊಂದು ಮಾತು. ಎಷ್ಟೋ ಹುಡುಕಾಟಗಳಲ್ಲಿ ಸಾಮಾನ್ಯ ಅಕ್ಷರದಲ್ಲಿ ಬರೆದು ಹುಡುಕಿದರೆ ಗಣಿತಾಕ್ಷರದ ಹೆಸರು ಸಿಕ್ಕುವುದಿಲ್ಲ. ಇದು ಕಣ್ಣುಳ್ಳವರಿಗೂ ಆಗುವ ನಷ್ಟ.

ಹೆಸರಿನ ಅಕ್ಷರಗಳನ್ನು ಬದಲಿಸದೆ ಅದರ ಎರಡು ಪಕ್ಕಗಳಲ್ಲಿ ತೋರಣ ಕಟ್ಟುವ ಪದ್ಧತಿಯೂ ಇದೆ. ꧁ ꧂ ಎಂಬ ರೆಕ್ಕೆಯಂತಹ ಗುರುತುಗಳನ್ನು ಓದುಗರು ನೋಡಿರಬಹುದು. ಇವು ಜಾವಾ ದ್ವೀಪದ ಲಿಪಿಗೆ ಸೇರಿದ ಅಲಂಕಾರ ಚಿಹ್ನೆಗಳು. ಅವುಗಳೊಡನೆ ಬರುವ ༺ ༻ ಎಂಬುವು ಟಿಬೆಟ್ ಲಿಪಿಯ ಆವರಣ ಚಿಹ್ನೆಗಳು. ಮಲೆನಾಡಿನ ಹುಡುಗನ ಹೆಸರಿಗೆ ಮೊದಲು ಜಾವಾ ಟಿಬೆಟ್‌ಗಳ ಪ್ರವಾಸ ಆಗಬೇಕೇಕೆ? ಸ್ಕ್ರೀನ್ ರೀಡರ್ ಇವನ್ನು ನುಂಗಿಬಿಟ್ಟರೆ ಕ್ಷೇಮ. ನುಂಗದೆ 'ಜಾವನೀಸ್ ಲೆಫ್ಟ್ ರೆರೆಂಗನ್' ಎಂದು ಘೋಷಿಸಿದರೆ, ಗುಂಪಿನಲ್ಲಿ ಆ ಹುಡುಗನು ಬರೆದ ಪ್ರತಿಯೊಂದು ಸಂದೇಶಕ್ಕೂ ಮೊದಲು ಅದೇ ಘೋಷಣೆ ನಡೆಯುತ್ತದೆ. ಹೆಸರಿನ ಜಾಗ ಪರಿಚಯದ ಉಳಿದ ಭಾಗದಂತಲ್ಲ. ಪರಿಚಯವನ್ನು ಒಮ್ಮೆ ಓದುತ್ತಾರೆ, ಹೆಸರನ್ನು ದಿನಕ್ಕೆ ನೂರು ಬಾರಿ ಕೇಳುತ್ತಾರೆ. ಆದುದರಿಂದ ಹೆಸರಿನ ಜಾಗದಲ್ಲಿ ಹೆಸರೊಂದೇ ಇರಲಿ.

ಇನ್ನು ಎಮೋಜಿಗಳ ವಿಚಾರ. ಇವನ್ನು ಸ್ಕ್ರೀನ್ ರೀಡರುಗಳು ಓದಲಾರವು ಎಂಬ ಭಾವನೆ ಕೆಲವರಲ್ಲಿದೆ. ಅದು ಸರಿಯಲ್ಲ. ಯೂನಿಕೋಡ್ ಸಂಸ್ಥೆ ಪ್ರತಿ ಎಮೋಜಿಗೂ ಕರೆಯುವ ಹೆಸರೊಂದನ್ನು ಗೊತ್ತುಪಡಿಸಿದೆ, ಹಲವು ಭಾಷೆಗಳಿಗೆ ಅವನ್ನು ಅನುವಾದ ಮಾಡಿಸಿದೆ, ಕನ್ನಡದಲ್ಲಿಯೂ ಅವು ಇವೆ. ತೊಂದರೆ ಓದಲಾರದೆ ಹೋಗುವುದರಲ್ಲಿಲ್ಲ, ಒಂದನ್ನೂ ಬಿಡದೆ ಓದುವುದರಲ್ಲಿದೆ. ಮೇಲಿನ ಪರಿಚಯದಲ್ಲಿ ಹದಿನೆಂಟು ಎಮೋಜಿಗಳಿವೆ. ಕಣ್ಣು ಅವನ್ನು ಒಂದೇ ನೋಟದಲ್ಲಿ ದಾಟಿ ಬೇಕಾದ ಮಾತಿಗೆ ಹೋಗುತ್ತದೆ. ಕಿವಿಗೆ ಆ ಸ್ವಾತಂತ್ರ್ಯವಿಲ್ಲ. ಅದು ಸರದಿಯಲ್ಲಿ ನಿಂತು ಕೇಳಬೇಕು: 'ಸ್ಪಾರ್ಕಲ್ಸ್, ಫೈರ್', ಆಮೇಲೆ ಹೆಸರೆಂಬ ಮೌನ, ಆಮೇಲೆ 'ಫೈರ್, ಸ್ಪಾರ್ಕಲ್ಸ್, ಗ್ರಾಜುಯೇಷನ್ ಕ್ಯಾಪ್, ಬಿ ಎ, ಮೈನಸ್, ಮೈನಸ್, ಮೈನಸ್'. ಗೆರೆ ಎಳೆಯಲೆಂದು ಹಾಕಿದ ಚಿಹ್ನೆ ಕಳೆಯುವ ಲೆಕ್ಕವಾಗಿ ಕೇಳಿಸುತ್ತದೆ. ಒಂದೇ ಚಿಹ್ನೆ ಮತ್ತೆ ಮತ್ತೆ ಬಂದಾಗ ಕೆಲವು ತಂತ್ರಾಂಶಗಳು ಎಣಿಸಿ ಒಮ್ಮೆ ಹೇಳುವುದುಂಟು. ಆದರೆ ಹಳದಿ ಕೆಂಪು ಎಂದು ಸರದಿಯ ಮೇಲೆ ಇಟ್ಟ ಹೃದಯಗಳನ್ನು ಹಾಗೆ ಒಟ್ಟುಗೂಡಿಸಲು ಬಾರದು.

ಆ ಹಳದಿ ಕೆಂಪು ಹೃದಯಗಳ ಬಗ್ಗೆಯೇ ಒಂದು ಮಾತು. ನಮಗೆ ಅದು ಕನ್ನಡದ ಬಾವುಟ. ಕೇಳುವವನಿಗೆ ಬರುವುದು 'ಯೆಲ್ಲೋ ಹಾರ್ಟ್, ರೆಡ್ ಹಾರ್ಟ್' ಎಂಬ ಮಾತು. ಕನ್ನಡಿಗನಾದವನು ಅದನ್ನು ಕೇಳಿ ಬಾವುಟವನ್ನು ಊಹಿಸಿಕೊಳ್ಳಬಲ್ಲ. ಒಮ್ಮೆ ಹೇಳಿದರೆ ಆ ಊಹೆಯಲ್ಲಿ ಒಂದು ಸಂತೋಷವೂ ಇದೆ. ಹಾಗಾಗಿ ಎಮೋಜಿಯನ್ನೇ ವರ್ಜಿಸಬೇಕೆಂದು ನಾನು ಹೇಳುವುದಿಲ್ಲ. ಒಂದೆರಡು ಸಾಕು, ಅವು ಮಾತಿನ ಕೊನೆಯಲ್ಲಿರಲಿ, ಮಾತಿನ ಸ್ಥಾನವನ್ನು ಆಕ್ರಮಿಸದಿರಲಿ. 'ನಾನು 📚 ಪ್ರೇಮಿ' ಎಂದು ಬರೆದರೆ ವಾಕ್ಯದ ನಡುವೆ ಬೇರೆ ಭಾಷೆಯ ಪದವೊಂದು ತೂರಿಕೊಂಡಂತಾಗಬಹುದು. 'ನಾನು ಪುಸ್ತಕಪ್ರೇಮಿ 📚' ಎಂದರೆ ಚಿಹ್ನೆ ಕೇಳಿಸದೆ ಹೋದರೂ ಅರ್ಥ ಕೆಡದು. ಹಾಗೆಯೇ ಕೆಳಮುಖವಾದ ಬೆರಳುಗಳು. ಅವು 'ಕೆಳಗೆ ನೋಡಿ' ಎನ್ನುತ್ತವೆ, ಆದರೆ ಕೆಳಗೆ ಏನಿದೆಯೆಂದು ಹೇಳುವುದಿಲ್ಲ. 'ನನ್ನ ಕಥೆಗಳು ಇಲ್ಲಿವೆ' ಎಂಬ ಮೂರು ಪದ ಅದಕ್ಕಿಂತ ಹೆಚ್ಚನ್ನು ಹೇಳುತ್ತದೆ.

ನಾಲ್ಕನೆಯ ಸಾಲಿನ ಹ್ಯಾಷ್‌ಟ್ಯಾಗನ್ನು ನೋಡಿ. ಪದಗಳ ನಡುವೆ ತೆರಪಿಲ್ಲದೆ ಎಲ್ಲವೂ ಚಿಕ್ಕಕ್ಷರದಲ್ಲಿದ್ದರೆ ತಂತ್ರಾಂಶ ಅದನ್ನು ಒಂದೇ ಪದವೆಂದು ಬಗೆದು ಇಂಗ್ಲಿಷ್ ಧಾಟಿಯಲ್ಲಿ ಎಳೆದಾಡುತ್ತದೆ. ಪ್ರತಿ ಪದದ ಮೊದಲಕ್ಷರವನ್ನು ದೊಡ್ಡದಾಗಿ, `#KannadaSahityaPremi` ಎಂದು ಬರೆದರೆ ಪದಗಳನ್ನು ಬಿಡಿಸಿಕೊಳ್ಳಲು ಅದಕ್ಕೆ ಸುಳಿವು ದೊರೆಯುತ್ತದೆ. ಹುಡುಕುವಾಗ ದೊಡ್ಡಕ್ಷರ ಚಿಕ್ಕಕ್ಷರಗಳಿಂದ ವ್ಯತ್ಯಾಸವಾಗುವುದಿಲ್ಲವಾದ್ದರಿಂದ ನಷ್ಟವೇನೂ ಇಲ್ಲ. ಕನ್ನಡದಲ್ಲಿ ದೊಡ್ಡಕ್ಷರವೆಂಬುದೇ ಇಲ್ಲ. ನಮ್ಮ ಲಿಪಿಯಲ್ಲಿ ಬರೆಯುವಾಗ `#ಕನ್ನಡ_ಸಾಹಿತ್ಯ_ಪ್ರೇಮಿ` ಎಂದು ನಡುವೆ ಅಡಿಗೆರೆ ಇಡಬಹುದು.

ಇಲ್ಲಿಯವರೆಗೆ ಹೇಳಿದ್ದು ಎಲ್ಲ ಭಾಷೆಯವರಿಗೂ ಸಂಬಂಧಿಸಿದ್ದು. ಕನ್ನಡಕ್ಕೇ ವಿಶೇಷವಾದ ಎರಡು ತೊಡಕುಗಳಿವೆ. ಅಧ್ಯಾಪಕರು ಇವನ್ನು ವಿಶೇಷವಾಗಿ ಗಮನಿಸಬೇಕೆಂದು ಪ್ರಾರ್ಥಿಸುತ್ತೇನೆ. ಮೊದಲನೆಯದು ಸೊನ್ನೆಯ ತೊಡಕು. ನಮ್ಮ ಅನುಸ್ವಾರವೂ ನಮ್ಮ ಅಂಕಿಯ ಸೊನ್ನೆಯೂ ಕಣ್ಣಿಗೆ ಒಂದೇ. ಆದರೆ ಯೂನಿಕೋಡಿನಲ್ಲಿ ಅವು ಬೇರೆ ಬೇರೆ. ಅವಸರದಲ್ಲೋ, ಕೀಲಿಮಣೆಯ ಅಭ್ಯಾಸದಿಂದಲೋ, ಅನುಸ್ವಾರವಿರಬೇಕಾದಲ್ಲಿ ಅಂಕಿಯನ್ನು ಒತ್ತುವವರು ಅನೇಕರಿದ್ದಾರೆ.

```
ಸಂಗೀತ   (ಅನುಸ್ವಾರ)
ಸ೦ಗೀತ   (ಅಂಕಿಯ ಸೊನ್ನೆ)
```

ಕಾಗದದ ಮೇಲೆ ಅಚ್ಚಾದಾಗ ಈ ಎರಡು ಸಾಲುಗಳ ಭೇದವನ್ನು ಕರಡು ತಿದ್ದುವವರೂ ಹಿಡಿಯಲಾರರು. ಸ್ಕ್ರೀನ್ ರೀಡರ್ ಎರಡನೆಯದನ್ನು 'ಸ, ಸೊನ್ನೆ, ಗೀತ' ಎಂದು ಒಡೆದು ಓದುತ್ತದೆ. ಸಂಗೀತ, ಸಂಸ್ಕೃತ, ಗಂಗಾ, ಅಂಬಿಕಾ ಮುಂತಾಗಿ ಅನುಸ್ವಾರವಿರುವ ನಮ್ಮ ಹೆಸರುಗಳಿಗೂ ವಿಷಯಗಳಿಗೂ ಕೊರತೆಯಿಲ್ಲ. ಇದನ್ನು ಪತ್ತೆಮಾಡುವ ಉಪಾಯ ಸುಲಭವಾಗಿದೆ. ಪದದ ಮೇಲೆ ಬಾಣದ ಗುರುತಿನ ಕೀಲಿಯಿಂದ ಒಂದೊಂದೇ ಹೆಜ್ಜೆ ಸರಿಯಿರಿ. ಅನುಸ್ವಾರವಾದರೆ 'ಸಂ' ಎಂಬುದು ಒಂದೇ ಹೆಜ್ಜೆಯಲ್ಲಿ ದಾಟುತ್ತದೆ. ಅಂಕಿಯಾದರೆ 'ಸ'ಕಾರದ ಬಳಿಕ ಒಮ್ಮೆ ನಿಂತು, ಸೊನ್ನೆಗೆ ಬೇರೆ ಹೆಜ್ಜೆ ಇಡಬೇಕಾಗುತ್ತದೆ.

ಎರಡನೆಯದು ಹಳೆಯ ಲಿಪಿವಿನ್ಯಾಸಗಳ ತೊಡಕು. ಯೂನಿಕೋಡ್ ಬಳಕೆಗೆ ಬರುವ ಮುನ್ನ ನುಡಿ ಮೊದಲಾದ ತಂತ್ರಾಂಶಗಳು ಇಂಗ್ಲಿಷ್ ಮತ್ತಿತರ ಐರೋಪ್ಯ ಅಕ್ಷರಗಳ ಸಂಖ್ಯೆಗಳ ಮೇಲೆಯೇ ಕನ್ನಡದ ಆಕಾರಗಳನ್ನು ಕೂರಿಸಿದ್ದುವು. ಆ ಕಾಲದ ಅನುಕೂಲಗಳಲ್ಲಿ ಅದು ಜಾಣತನದ ಕೆಲಸವೇ ಆಗಿತ್ತು. ಕನ್ನಡದ ಎಷ್ಟೋ ಪುಸ್ತಕಗಳು ಹಾಗೆಯೇ ಅಚ್ಚಾಗಿವೆ. ನುಡಿಯಲ್ಲಿ ಈಗ ಯೂನಿಕೋಡ್ ಸೌಲಭ್ಯವೂ ಇದೆ. ಆದರೆ ಹಳೆಯ ಬಗೆಯ ಬರಹ ಕಚೇರಿಗಳಲ್ಲಿಯೂ ಅಚ್ಚುಮನೆಗಳಲ್ಲಿಯೂ ಇನ್ನೂ ನಡೆಯುತ್ತಿದೆ. ಅದರಲ್ಲಿ 'ಕನ್ನಡ' ಎಂದು ಬರೆದರೆ ಗಣಕದೊಳಗೆ ಇರುವುದು ಇದು:

```
PÀ£ÀßqÀ
```

ಆ ಲಿಪಿವಿನ್ಯಾಸವಿದ್ದಾಗ ಕಣ್ಣಿಗೆ ಕನ್ನಡ ಕಾಣುತ್ತದೆ. ಕಿವಿಗೆ ಮಾತ್ರ ಎಂದೂ ಕನ್ನಡವಾಗದು, ಅದು ಪೌಂಡಿನ ಗುರುತೂ ಜರ್ಮನ್ ಅಕ್ಷರವೂ ಬೆರೆತ ಗಲಿಬಿಲಿ. ಅಧ್ಯಾಪಕರ ಪರಿಚಯವನ್ನು ಈ ಬಗೆಯಲ್ಲಿ ಬೆರಳಚ್ಚು ಮಾಡಿ ಜಾಲತಾಣಕ್ಕೆ ಅಂಟಿಸಿದಾಗ ಕಣ್ಣುಳ್ಳವರಿಗೂ ಈ ಗಲಿಬಿಲಿಯೇ ಕಾಣುತ್ತದೆ. ಆಗ ಸಾಮಾನ್ಯವಾಗಿ ಮಾಡುವ ಉಪಾಯವೆಂದರೆ, ಆ ಪುಟದ ಛಾಯಾಚಿತ್ರ ತೆಗೆದು ಚಿತ್ರವಾಗಿ ಹಾಕುವುದು. ಕಣ್ಣಿನ ಕಷ್ಟ ಅಲ್ಲಿಗೆ ತೀರಿತು. ಕಿವಿಗೆ ಅಲ್ಲಿಯವರೆಗೆ ಗಲಿಬಿಲಿಯಾದರೂ ಇತ್ತು, ಈಗ ಅದೂ ಇಲ್ಲ. ಸರಿಯಾದ ಪರಿಹಾರವೆಂದರೆ ಆ ಬರಹವನ್ನು ಯೂನಿಕೋಡಿಗೆ ಪರಿವರ್ತಿಸಿ, ಒಮ್ಮೆ ಓದಿ ತಿದ್ದಿ, ಬರಹವಾಗಿಯೇ ಹಾಕುವುದು. ಪರಿವರ್ತಿಸುವ ಉಪಕರಣಗಳು ಸುಲಭವಾಗಿ ದೊರೆಯುತ್ತವೆ.

ಚಿತ್ರದ ಮಾತು ಬಂದುದರಿಂದ ಅದರ ವಿಚಾರವನ್ನೂ ಹೇಳಬೇಕು. ಜಾಲಪುಟದಲ್ಲಿ ಚಿತ್ರವನ್ನಿಡುವಾಗ ಅದರ ಹಿಂದೆ ಕಣ್ಣಿಗೆ ಕಾಣದಂತೆ ಒಂದು ವಿವರಣೆಯನ್ನು ಬರೆದಿಡಲು ಅವಕಾಶವಿದೆ. ಇದನ್ನು ಆಲ್ಟ್ ಟೆಕ್ಸ್ಟ್ ಎನ್ನುತ್ತಾರೆ. ಚಿತ್ರದ ಬದಲಿಗೆ ನಿಲ್ಲುವ ಮಾತು ಎಂದು ಅರ್ಥ. ಸ್ಕ್ರೀನ್ ರೀಡರ್ ಚಿತ್ರದ ಬಳಿ ಬಂದಾಗ ಇದನ್ನು ಓದುತ್ತದೆ. ಬರೆಯದೆ ಬಿಟ್ಟರೆ ಅನೇಕ ವೇಳೆ ಕಡತದ ಹೆಸರನ್ನೇ, 'ಐ ಎಂ ಜಿ ಎರಡು ಸೊನ್ನೆ ಮೂರು ನಾಲ್ಕು' ಎಂದು ಓದಿಬಿಡುತ್ತದೆ. ವಿಭಾಗದ ಪುಟದಲ್ಲಿ ಎಂಟು ಮಂದಿ ಅಧ್ಯಾಪಕರ ಭಾವಚಿತ್ರಗಳಿದ್ದರೆ ಎಂಟು ಬಾರಿ ಇಂಥ ಅಂಕಿಗಳು ಬರುತ್ತವೆ. ಬರೆಯುವ ಕ್ರಮ ಇಷ್ಟೆ:

```
<img src="IMG_2034.jpg"
 alt="ಕಾಲೇಜಿನ ಮೆಟ್ಟಿಲ ಮೇಲೆ ಕುಳಿತು
 ನಗುತ್ತಿರುವ ಯುವಕ, ತೊಡೆಯ ಮೇಲೆ
 ಯಕ್ಷಗಾನದ ಕಿರೀಟ">
```

ಇದರಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಗಮನಿಸಬೇಕು. 'ಇದು ಒಂದು ಚಿತ್ರ' ಎಂಬ ಮಾತಿಲ್ಲ, ಏಕೆಂದರೆ ಚಿತ್ರವೆಂಬುದನ್ನು ತಂತ್ರಾಂಶವೇ ಹೇಳುತ್ತದೆ. ಪಕ್ಕದಲ್ಲಿಯೇ ಬರೆದಿರುವ ಹೆಸರನ್ನು ಮತ್ತೆ ಹೇಳಿಲ್ಲ. ಅಂಗಿಯ ಬಣ್ಣ, ಮೋಡ, ಹಿಂದೆ ನಿಂತಿರುವ ಸೈಕಲ್ಲುಗಳು ಇಲ್ಲ. ಹುಡುಗನು ಈ ಚಿತ್ರವನ್ನೇ ಏಕೆ ಆರಿಸಿಕೊಂಡನೋ ಆ ಕಾರಣ ಮಾತ್ರ ಇದೆ: ಅವನು ಯಕ್ಷಗಾನದವನು. ಒಂದು ವಾಕ್ಯ, ಹೆಚ್ಚೆಂದರೆ ಎರಡು ಸಾಕು. ಚಿತ್ರವು ಬರಿಯ ಅಂಚಿನ ಬಳ್ಳಿಯಾಗಿದ್ದರೆ `alt=""` ಎಂದು ಖಾಲಿಯಾಗಿ ಬಿಡಬೇಕು. ಆಗ ತಂತ್ರಾಂಶ ಅದನ್ನು ಸದ್ದಿಲ್ಲದೆ ದಾಟುತ್ತದೆ. ಏನನ್ನೂ ಬರೆಯದಿರುವುದಕ್ಕೂ ಹೀಗೆ ಖಾಲಿ ಬಿಡುವುದಕ್ಕೂ ಬಹಳ ಅಂತರವಿದೆ. ಇನ್ನು ಚಿತ್ರದಲ್ಲಿ ಬರಹವೇ ಇದ್ದರೆ, ಆ ಬರಹವೆಲ್ಲ ಆಲ್ಟ್ ಟೆಕ್ಸ್ಟಿನಲ್ಲಿಯಾಗಲಿ ಚಿತ್ರದ ಕೆಳಗಾಗಲಿ ಬರಬೇಕು.

ಈ ವಿಧಾನಕ್ಕೆ ಒಂದು ಮಿತಿಯಿದೆ. ಇನ್‌ಸ್ಟಾಗ್ರಾಮಿನವರು ೨೦೧೮ರಿಂದ ನಾವು ಪ್ರಕಟಿಸುವ ಚಿತ್ರಗಳಿಗೆ ಆಲ್ಟ್ ಟೆಕ್ಸ್ಟ್ ಬರೆಯಲು ಅವಕಾಶವಿತ್ತಿದ್ದಾರೆ. ಪರಿಚಯದ ದುಂಡನೆಯ ಭಾವಚಿತ್ರಕ್ಕೆ ಮಾತ್ರ ಅಂಥ ಜಾಗ ಎಲ್ಲ ತಾಣಗಳಲ್ಲಿ ಇರುವುದಿಲ್ಲ. ಅಲ್ಲಿ ತಂತ್ರಾಂಶ 'ಇಂಥವರ ಭಾವಚಿತ್ರ' ಎಂದಷ್ಟೇ ಹೇಳುವುದುಂಟು. ಆಗ ನಾವು ಮಾಡಬಹುದಾದುದು ಒಂದೇ. ಮುಖ್ಯವಾದ ಯಾವ ಸಂಗತಿಯನ್ನೂ ಆ ಚಿತ್ರದೊಳಗೆ ಮಾತ್ರ ಇಡದೆ ಪರಿಚಯದ ಮಾತಿನಲ್ಲಿ ಹೇಳುವುದು.

ಅಲಂಕಾರದ ಪಕ್ಷದವರ ವಾದವನ್ನೂ ನ್ಯಾಯವಾಗಿ ಕೇಳಬೇಕು. 'ಎಲ್ಲರೂ ಬೋಳು ಅಕ್ಷರಗಳಲ್ಲಿ ಬರೆದರೆ ನಮ್ಮ ವ್ಯಕ್ತಿತ್ವವೆಲ್ಲಿ ಕಾಣಬೇಕು?' ಎಂದು ಅವರು ಕೇಳುತ್ತಾರೆ. ಇದು ತೆಗೆದುಹಾಕುವ ಪ್ರಶ್ನೆಯಲ್ಲ. ಚೆಲುವಿನ ಬಯಕೆ ಮನುಷ್ಯನಿಗೆ ಸಹಜ. ಆದರೆ ಸಾವಿರಾರು ಮಂದಿ ಒಂದೇ ಜಾಲತಾಣದಿಂದ ತಂದು ಅಂಟಿಸಿದ ಬಳುಕು ಅಕ್ಷರ ಯಾರ ವ್ಯಕ್ತಿತ್ವ? 'ಸಾಗರದವನು, ಯಕ್ಷಗಾನದ ಬಾಲಗೋಪಾಲ ವೇಷದಿಂದ ಇನ್ನೂ ಬಡ್ತಿ ಸಿಕ್ಕಿಲ್ಲ' ಎಂದು ಒಬ್ಬನು ಬರೆದರೆ ಅದು ಅವನೊಬ್ಬನದೇ. ಕಣ್ಣಿಗೂ ಕಿವಿಗೂ ಅದು ಒಂದೇ ಸಮನಾಗಿ ರುಚಿಸುತ್ತದೆ. ಗಮಕಿಯ ಬಾಯಿಂದ ಕಾವ್ಯವನ್ನು ಕೇಳಿ ತಲೆದೂಗಿದ ನಾಡು ನಮ್ಮದು. ಅಕ್ಷರ ಬಾರದವರೂ ಕಾವ್ಯವನ್ನು ಕಿವಿಯಿಂದ ಬಲ್ಲವರಾಗಿದ್ದರು. ಮಾತಿನ ಸೊಗಸು ಅಕ್ಷರದ ಬಳುಕಿನಲ್ಲಿಲ್ಲವೆಂಬುದನ್ನು ನಮಗೆ ಬೇರೆಯವರು ಕಲಿಸಬೇಕಾಗಿಲ್ಲ.

ಮೇಲಿನ ಪರಿಚಯವನ್ನು ತಿದ್ದಿ ಬರೆದರೆ ಹೀಗಾಗಬಹುದು:

```
ಮಲ್ನಾಡ್ ಹುಡುಗ
ಬಿ.ಎ. ಎರಡನೆಯ ವರ್ಷ, ಕನ್ನಡ ಐಚ್ಛಿಕ.
ಊರು ಸಾಗರ. ಯಕ್ಷಗಾನ, ಸಣ್ಣಕಥೆ ಇಷ್ಟ.
ನನ್ನ ಕಥೆಗಳು ಕೆಳಗಿನ ಕೊಂಡಿಯಲ್ಲಿವೆ. 💛❤️
```

ಇಲ್ಲಿ ಏನನ್ನೂ ಕಳೆದುಕೊಂಡಂತಿಲ್ಲ. ಮೊದಲಿನದರಲ್ಲಿ ಇಲ್ಲದ ಊರು, ಐಚ್ಛಿಕ ವಿಷಯ, ಅಭಿರುಚಿಗಳು ಸೇರಿಕೊಂಡಿವೆ. ಹದಿನೆಂಟು ಚಿಹ್ನೆಗಳ ಜಾಗದಲ್ಲಿ ಎರಡು ಉಳಿದು ಬಾವುಟವನ್ನೂ ಹಿಡಿದಿವೆ. ಸಾಲುಗಳು ಚಿಕ್ಕವು, ಕೊನೆಯಲ್ಲಿ ಪೂರ್ಣವಿರಾಮವಿದೆ. ಆ ವಿರಾಮಗಳಲ್ಲಿ ಧ್ವನಿ ಉಸಿರು ತೆಗೆದುಕೊಳ್ಳುತ್ತದೆ. ಕನ್ನಡದ ಮಾತನ್ನು ಕನ್ನಡ ಲಿಪಿಯಲ್ಲಿ ಬರೆದುದರಿಂದ ಕನ್ನಡದ ಧ್ವನಿಯೇ ಅದನ್ನು ಓದುತ್ತದೆ.

ಬರೆದದ್ದು ಸರಿಯಾಗಿದೆಯೇ ಎಂದು ತಿಳಿಯಲು ಯಾರನ್ನೂ ಕೇಳಬೇಕಾಗಿಲ್ಲ, ನಾವೇ ಕೇಳಿ ನೋಡಬಹುದು. ಗಣಕದಲ್ಲಾದರೆ ಎನ್‌ವಿಡಿಎಯನ್ನು ತೆರೆದು, ಬರಹವನ್ನು ನೋಟ್‌ಪ್ಯಾಡಿನಲ್ಲಿ ಅಂಟಿಸಿ, `Ctrl+Home` ಒತ್ತಿ ಬರಹದ ಆರಂಭಕ್ಕೆ ಹೋಗಿ, `Insert` ಕೀಲಿಯನ್ನು ಹಿಡಿದು ಕೆಳಬಾಣವನ್ನು ಒತ್ತಿದರೆ ಅದು ಮೊದಲಿನಿಂದ ಓದುತ್ತದೆ. ಆಂಡ್ರಾಯ್ಡ್ ದೂರವಾಣಿಯ ಸೆಟ್ಟಿಂಗ್ಸಿನಲ್ಲಿ ಆಕ್ಸೆಸಿಬಿಲಿಟಿ ಎಂಬಲ್ಲಿ ಟಾಕ್‌ಬ್ಯಾಕ್ ದೊರೆಯುತ್ತದೆ. ಅದು ಚಾಲ್ತಿಯಾದ ಮೇಲೆ ಒಮ್ಮೆ ಮುಟ್ಟಿದರೆ ಓದುತ್ತದೆ, ಎರಡು ಬಾರಿ ತಟ್ಟಿದರೆ ಮಾತ್ರ ತೆರೆಯುತ್ತದೆ. ಇದನ್ನರಿಯದೆ ಆರಂಭಿಸಿದವರು ನಿಲ್ಲಿಸಲಾರದೆ ಕಕ್ಕಾಬಿಕ್ಕಿಯಾಗುವುದುಂಟು. ಕಣ್ಣು ಮುಚ್ಚಿ ನಿಮ್ಮ ಪರಿಚಯವನ್ನು ಒಮ್ಮೆ ಕೇಳಿರಿ. ನಿಮ್ಮ ಹೆಸರು ನಿಮ್ಮ ಕಿವಿಗೆ ಬಿದ್ದರೆ ಸರಿ, ಬೀಳದಿದ್ದರೆ ತಿದ್ದಿರಿ.

೨೦೧೬ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ಮಾಹಿತಿಯು ಎಲ್ಲರಿಗೂ ಎಟುಕುವ ರೂಪದಲ್ಲಿರಬೇಕೆಂದು ಹೇಳುತ್ತದೆ. ಸರ್ಕಾರಿ ಜಾಲತಾಣಗಳಿಗೆ ಬೇರೆ ಮಾರ್ಗಸೂಚಿಯೂ ಇದೆ. ಅವುಗಳ ಪಾಲನೆ ಕಚೇರಿಯವರ ಹೊಣೆ. ಆದರೆ ವಿದ್ಯಾರ್ಥಿಗಳು ತಮ್ಮ ಹೆಸರನ್ನು ತಿದ್ದಿಕೊಳ್ಳಲು ಯಾವ ಆದೇಶವೂ ಬೇಕಾಗಿಲ್ಲ, ಐದು ನಿಮಿಷದ ಬಿಡುವು ಸಾಕು. ಅಧ್ಯಾಪಕರಲ್ಲಿ ನನ್ನ ವಿನಂತಿ ಎರಡೇ: ವಿಭಾಗದ ಪುಟದಲ್ಲಿ ತಮ್ಮ ಪರಿಚಯ ಚಿತ್ರವಾಗಿರದೆ ಯೂನಿಕೋಡ್ ಬರಹವಾಗಿರಲಿ, ಮತ್ತು ಪ್ರತಿಯೊಬ್ಬರ ಹೆಸರನ್ನೂ ದಪ್ಪಕ್ಷರದಿಂದಲ್ಲದೆ ಪುಟದ ನಿಜವಾದ ಶೀರ್ಷಿಕೆಯಾಗಿ ಗುರುತು ಮಾಡಿಸಲಿ. ಎನ್‌ವಿಡಿಎ ಬಳಸುವವರು `H` ಕೀಲಿಯನ್ನು ಒತ್ತುತ್ತ ಒಂದು ಶೀರ್ಷಿಕೆಯಿಂದ ಮತ್ತೊಂದಕ್ಕೆ ನೆಗೆಯುತ್ತಾರೆ. ಹಾಗೆ ಮಾಡಿದರೆ ಎಂಟನೆಯ ಅಧ್ಯಾಪಕರ ಹೆಸರು ಎಂಟು ಒತ್ತಿಗೆ ಸಿಕ್ಕುತ್ತದೆ. ಬರುವ ಪರೀಕ್ಷೆಯ ಹೊತ್ತಿಗೆ ನಮ್ಮ ವಿದ್ಯಾರ್ಥಿಗಳ ಗುಂಪಿನ ಪಟ್ಟಿಯಲ್ಲಿ ಕೇಳಿಸದ ಹೆಸರು ಒಂದೂ ಉಳಿಯದಿರಲೆಂಬುದು ನನ್ನ ಆಶೆ.